ದುಡ್ಡಿಗೂ ಇತ್ತು ಭಾನುವಾರ

ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತೆರಡು ವರ್ಷ ಕೂತು ನಿವೃತ್ತನಾದವನು ನಾನು. ಹಾಗಾಗಿ ನಮ್ಮ ಬೀದಿಯಲ್ಲಿ ಯಾರ ದುಡ್ಡು ಎಲ್ಲಿ ಸಿಕ್ಕಿಕೊಂಡರೂ ಮೊದಲ ಫೋನು ನನಗೇ ಬರುತ್ತದೆ. ಅಂಥ ಒಂದು ಫೋನಿನ ಕಥೆ ಹೇಳುತ್ತೇನೆ, ಕೇಳಿ.

2018ರ ಜನವರಿ 25, ಗುರುವಾರ. ಪಕ್ಕದ ಮನೆಯ ಮೇಷ್ಟ್ರ ಮಗ ಧಾರವಾಡದಲ್ಲಿ ಓದುತ್ತಿದ್ದ. ಪರೀಕ್ಷೆಯ ಫೀಸು ಕಟ್ಟಲು ಸೋಮವಾರ ಕೊನೆಯ ದಿನ. ಮೇಷ್ಟ್ರಿಗೆ ದುಡ್ಡು ಕೈಗೆ ಬಂದಿದ್ದೇ ಅವತ್ತು ಸಂಜೆ. ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಕಂಪ್ಯೂಟರಿನಲ್ಲಿ ಎನ್‌ಇಎಫ್‌ಟಿ ಮಾಡಿದರು. ಅವರ ಖಾತೆಯಿಂದ ಹಣ ಕಳೆಯಿತು, ಮಗನ ಖಾತೆಗೆ ಬರಲಿಲ್ಲ. "ಸ್ವಾಮಿ, ನನ್ನ ದುಡ್ಡು ಈಗ ಎಲ್ಲಿದೆ?" ಅಂತ ಗಾಬರಿಯಲ್ಲಿ ಕೇಳಿದರು.

ಎಲ್ಲಿಯೂ ಕಳೆದುಹೋಗಿರಲಿಲ್ಲ, ಸಾಲಿನಲ್ಲಿ ನಿಂತಿತ್ತು. ಅದು ಯಾಕೆ ಅಂತ ಮಕ್ಕಳಿಗೆ ಗೋಲಿಯಾಟದ ಲೆಕ್ಕದಲ್ಲಿ ಹೇಳಬಹುದು. ನೀನು ನನಗೆ ಹತ್ತು ಗೋಲಿ ಕೊಡಬೇಕು, ನಾನು ನಿನಗೆ ಎಂಟು ಕೊಡಬೇಕು. ಹದಿನೆಂಟು ಗೋಲಿ ಎಣಿಸುವ ಬದಲು ನೀನು ಎರಡು ಕೊಟ್ಟರೆ ಲೆಕ್ಕ ಚುಕ್ತಾ. ಬ್ಯಾಂಕುಗಳೂ ಹಾಗೆಯೇ. ಅರ್ಧ ಗಂಟೆಯಲ್ಲಿ ಬಂದ ಎನ್‌ಇಎಫ್‌ಟಿಗಳನ್ನೆಲ್ಲ ಒಂದು ಕಂತೆ ಮಾಡಿ, ಯಾರು ಯಾರಿಗೆ ಎಷ್ಟು ಕೊಡಬೇಕು ಎಂದು ಕೂಡಿ ಕಳೆದು, ಉಳಿದದ್ದನ್ನು ರಿಸರ್ವ್ ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ತೀರಿಸಿಕೊಳ್ಳುತ್ತವೆ. ಆಮೇಲೆಯೇ ಪಡೆಯುವವರ ಖಾತೆಗೆ ಹಣ. ಕಂಪ್ಯೂಟರು ನಿದ್ದೆ ಮಾಡುವುದಿಲ್ಲ ನಿಜ. ಆದರೆ ಆಗ ಆ ಪುಸ್ತಕ ತೆರೆಯುತ್ತಿದ್ದದ್ದು ಕೆಲಸದ ದಿನಗಳಲ್ಲಿ ಮಾತ್ರ, ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ.

ಮೇಷ್ಟ್ರು ಕೊನೆಯ ಕಂತೆಯನ್ನು ಇಪ್ಪತ್ತೇ ನಿಮಿಷದಲ್ಲಿ ತಪ್ಪಿಸಿಕೊಂಡಿದ್ದರು. ಮಾರನೆಯ ದಿನ ಶುಕ್ರವಾರ, ಗಣರಾಜ್ಯೋತ್ಸವ. ಶನಿವಾರ 27, ತಿಂಗಳ ನಾಲ್ಕನೆಯ ಶನಿವಾರ. 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಆಮೇಲೆ ಭಾನುವಾರ. ಇಪ್ಪತ್ತು ನಿಮಿಷ ಹೋಗಿ ಮೂರು ಹಗಲು, ನಾಲ್ಕು ರಾತ್ರಿ ಆಯಿತು!

"ಸೋಮವಾರ ಬೆಳಿಗ್ಗೆ ಎಂಟರ ಮೊದಲ ಕಂತೆಯಲ್ಲಿ ಹೋಗುತ್ತೆ, ಮೇಷ್ಟ್ರೇ. ಕಂತೆ ತೀರಿದ ಎರಡು ಗಂಟೆಯೊಳಗೆ ಆ ಕಡೆ ಬ್ಯಾಂಕು ಖಾತೆಗೆ ಹಾಕಬೇಕು, ಇಲ್ಲಾ ವಾಪಸ್ ಕಳಿಸಬೇಕು" ಎಂದೆ.

"ಅಲ್ಲೀತನಕ ಹುಡುಗ ಊಟಕ್ಕೇನು ಮಾಡ್ತಾನೆ? ಅವನ ಕೈಲಿರೋದು ನೂರಾ ನಲವತ್ತು ರೂಪಾಯಿ."

ಅದಕ್ಕೂ ದಾರಿ ಇತ್ತು. ಅದೇ ಪರದೆಯಲ್ಲಿ ಐಎಂಪಿಎಸ್ ಎಂಬ ಇನ್ನೊಂದು ಗುಂಡಿ. ಅದರಲ್ಲಿ ಪಡೆಯುವವರ ಬ್ಯಾಂಕು ಮೊದಲು ಖಾತೆಗೆ ಹಣ ಹಾಕಿಬಿಡುತ್ತದೆ, ಬ್ಯಾಂಕುಗಳ ನಡುವಿನ ಲೆಕ್ಕ ಆಮೇಲೆ ಚುಕ್ತಾ ಆಗುತ್ತದೆ. ನಮ್ಮ ಬೀದಿಯ ಅಂಗಡಿಯವನು "ತಗೊಂಡು ಹೋಗಿ, ಆಮೇಲೆ ಕೊಡಿ" ಅನ್ನುವ ಹಾಗೆ. ಅದಕ್ಕೇ ಅದಕ್ಕೆ ರಜೆಯ ಹಂಗಿಲ್ಲ. ಇಂದಿನ ಯುಪಿಐ ಕೂಡ ಇದೇ ಜಾಡಿನದು. ಮೇಷ್ಟ್ರು ಉಳಿದಿದ್ದ ಸಾವಿರ ರೂಪಾಯಿಯನ್ನು ಹಾಗೆ ಕಳಿಸಿದರು, ಫೋನು ಇಡುವುದರೊಳಗೆ ತಲುಪಿತು. ಫೀಸಿನ ಹಣ ಸೋಮವಾರ ಹತ್ತು ಗಂಟೆಗೆ ಮುಂಚೆಯೇ ಬಂತು, ಮಧ್ಯಾಹ್ನ ಹುಡುಗ ಕಟ್ಟಿದ.

ಈಗ ಆ ಫಜೀತಿ ಇಲ್ಲ. 2019ರ ಡಿಸೆಂಬರ್ 16ರಿಂದ ಎನ್‌ಇಎಫ್‌ಟಿಗೆ ಹಗಲು ರಾತ್ರಿ, ಹಬ್ಬ ಹರಿದಿನದ ಭೇದವಿಲ್ಲ. ದಿನಕ್ಕೆ 48 ಕಂತೆ. ಅದೇ ಏಳು ಇಪ್ಪತ್ತರ ಹಣ ಇಂದು ಏಳೂವರೆಯ ಕಂತೆ ಹಿಡಿದು ಒಂಬತ್ತೂವರೆಯೊಳಗೆ ಮುಟ್ಟಬೇಕು. ಆದರೆ ನಮ್ಮಂಥ ಹಿರಿಯರು ಶಾಖೆಗೆ ಹೋಗಿ ಚಲನ್ ಬರೆದುಕೊಟ್ಟು ಮಾಡಿಸುವುದಾದರೆ ಶಾಖೆಯ ಬಾಗಿಲಿನ ರಜೆ ಇದ್ದೇ ಇದೆ.

ಎಲ್ಲ ದೇಶಗಳೂ ಹೀಗಲ್ಲ. ನನ್ನ ಮಗ ಅಮೆರಿಕದಲ್ಲಿದ್ದಾನೆ. 2025ರ ಆಗಸ್ಟ್ 29ರ ಶುಕ್ರವಾರ ರಾತ್ರಿ ಎಂಟಕ್ಕೆ, ನಮಗೆ ಶನಿವಾರ ಬೆಳಿಗ್ಗೆ ಐದೂವರೆಗೆ, ಹಣ ಕಳಿಸಿದ. ಕಳಿಸುವ ಕಂಪನಿ ಅವನ ಬ್ಯಾಂಕಿನಿಂದ ಹಣ ಎಳೆದುಕೊಳ್ಳುವುದು ಎಸಿಎಚ್ ಎಂಬ ಏರ್ಪಾಟಿನಲ್ಲಿ. ಅದೂ ಕಂತೆಯ ವ್ಯವಹಾರವೇ, ಶನಿವಾರ ಭಾನುವಾರ ಲೆಕ್ಕ ತೀರುವುದಿಲ್ಲ. ಸೆಪ್ಟೆಂಬರಿನ ಮೊದಲ ಸೋಮವಾರ ಅಲ್ಲಿ ಕಾರ್ಮಿಕರ ದಿನದ ರಜೆ. ಅಲ್ಲಿಯ ಮಂಗಳವಾರ ಬೆಳಗಾಗುವಾಗ ನಮಗೆ ಸಂಜೆ. ನನ್ನ ಮನೆಯಾಕೆ ದಿನಕ್ಕೆ ನಾಲ್ಕು ಸಲ ಪಾಸ್‌ಬುಕ್ ತೆಗೆದು ನೋಡುತ್ತಿದ್ದಳು. "ಬುಧವಾರಕ್ಕೆ ಮುಂಚೆ ನೋಡಬೇಡ" ಎಂದೆ. ಗುರುವಾರ ಬಂತು.

ಇಲ್ಲಿನ ಹಣ ಎರಡು ಮೂರು ಗಂಟೆಯಾದರೂ ಬರದಿದ್ದರೆ ನಾನು ಮೊದಲು ಕೇಳುವುದು ಯುಟಿಆರ್ ಸಂಖ್ಯೆ. ಕಳಿಸಿದವರ ಖಾತೆಯ ವಿವರದಲ್ಲಿ ಅದು ಇರುತ್ತದೆ. ಆ ಸಂಖ್ಯೆ ಹೇಳಿದರೆ ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಅಂತ ಹುಡುಕಬಹುದು. ಫೋನಿನ ಪರದೆಯ ಫೋಟೋ ಕಳಿಸುವವರೇ ಹೆಚ್ಚು; ಅದರಲ್ಲೂ ಸಂಖ್ಯೆ ಇರುವ ಜಾಗವೇ ಕತ್ತರಿಸಿಹೋಗಿರುತ್ತದೆ.