ಬಂಡೆಗೊಂದು ದರ, ಮಣ್ಣಿಗೊಂದು ದರ

ಚಿನ್ನ ತೂಗಿದವರ ಕತೆಯನ್ನು ಕೆಜಿಎಫ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದದ್ದು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ್ದು ಎಲ್ಲವೂ ಅವರ ಬಾಯಲ್ಲೇ ಇರುತ್ತದೆ. ಕಲ್ಲು ಅಳೆದವರ ಕತೆ ಯಾರಿಗೆ ಬೇಕು? ಯಾರೂ ಕೇಳದಿರುವುದರಿಂದ ನಾನೇ ಹೇಳಿಬಿಡುತ್ತೇನೆ.

ಸರ್ಕಾರಿ ಕಟ್ಟಡದ ಕೆಲಸದಲ್ಲಿ ಅಳತೆ ಪುಸ್ತಕ ಅಂತ ಒಂದಿರುತ್ತದೆ. ಆಫೀಸಿನಲ್ಲಿ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ, ಎಂಬಿ ಅಂದರೆ ಸಾಕು. ಪುಟಕ್ಕೆಲ್ಲ ಅಚ್ಚಿನ ಸಂಖ್ಯೆ ಇರುವುದರಿಂದ ಒಂದು ಹಾಳೆ ಹರಿದರೂ ಸಿಕ್ಕಿಬೀಳುತ್ತೀರಿ. ಬರೆದದ್ದನ್ನು ಉಜ್ಜಿ ಅಳಿಸುವ ಹಾಗಿಲ್ಲ. ತಪ್ಪಾದರೆ ಓದಲು ಬರುವಂತೆ ಅಡ್ಡಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು.

ಗೋಡೆ ಅಳೆಯುವುದು ಸುಲಭ. ನಾಳೆ ಯಾರಾದರೂ ಬಂದು ಟೇಪು ಹಿಡಿದರೂ ಗೋಡೆ ಅಲ್ಲೇ ಇರುತ್ತದೆ. ಪಾಯದ ಗುಂಡಿ ಹಾಗಲ್ಲ, ಬೆಡ್ ಕಾಂಕ್ರೀಟ್ ಬಿದ್ದ ಮೇಲೆ ಅದರ ತಳ ಯಾರಿಗೂ ಕಾಣದು. ಅದಕ್ಕೇ ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆದು ಬರೆಯಬೇಕು, ಮೇಲಿನ ಇಂಜಿನಿಯರೂ ಅಷ್ಟರೊಳಗೇ ಬಂದು ತಾಳೆ ನೋಡಬೇಕು.

ಬಂಗಾರಪೇಟೆ ಕಡೆ ಇದರ ಜತೆಗೆ ಇನ್ನೊಂದು ತಕರಾರು. ನಾಲ್ಕು ಅಡಿ ಅಗೆಯುವಷ್ಟರಲ್ಲಿ ಮೇಸ್ತ್ರಿ ಓಡಿಬರುತ್ತಾನೆ: "ಬಂಡೆ ಬಂದೈತೆ ಸಾರ್!" ಅವನ ಮುಖದಲ್ಲಿ ಸಂಕಟವೂ ಇರುತ್ತದೆ, ಸಂತೋಷವೂ ಇರುತ್ತದೆ. ಒಡೆಯುವುದು ಕಷ್ಟ, ಆದರೆ ಗಟ್ಟಿಬಂಡೆಯ ದರ ಮಣ್ಣಿನದಕ್ಕಿಂತ ಹಲವು ಪಟ್ಟು ಹೆಚ್ಚು. ಹಾಗಾದರೆ ಗುಂಡಿಯಲ್ಲಿ ಮಣ್ಣೆಷ್ಟು, ಬಂಡೆಯೆಷ್ಟು?

ಗುಂಡಿಯೆಲ್ಲ ಬಂಡೆಯೇ ಆದರೆ ಗುಂಡಿಯನ್ನೇ ಅಳೆದರೆ ಮುಗಿಯಿತು. ಎರಡೂ ಕಲೆತಿದ್ದರೆ ಒಂದು ಉಪಾಯವಿದೆ. ಗುಂಡಿ 20 ಮೀಟರ್ ಉದ್ದ, 1 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಅನ್ನಿ, ಒಟ್ಟು 30 ಘನ ಮೀಟರ್. ತೆಗೆದ ಬಂಡೆಯನ್ನೆಲ್ಲ ಮಟ್ಟವಾದ ಜಾಗದಲ್ಲಿ ಚೌಕವಾಗಿ ಒಟ್ಟಿಸಬೇಕು. ಆ ಒಟ್ಟಿಲು 5 ಮೀಟರ್ ಉದ್ದ, 3 ಅಗಲ, 0.8 ಎತ್ತರ ಬಂದರೆ 12 ಘನ ಮೀಟರ್. ಕಲ್ಲಿನ ನಡುವೆ ಸಂದು ಇರುವುದರಿಂದ ಅರ್ಧ ಕಳೆಯಬೇಕು. ಉಳಿದ 6 ಬಂಡೆಗೆ, ಮಿಕ್ಕ 24 ಮಣ್ಣಿಗೆ.

ಮೇಸ್ತ್ರಿ ಇಲ್ಲಿ ಜಗಳಕ್ಕೆ ನಿಲ್ಲುತ್ತಾನೆ. "ಅರ್ಧ ಯಾಕೆ ಸಾರ್? ನಾನು ಇಕ್ಕಟ್ಟಾಗಿ ಜೋಡಿಸಿದೀನಿ!" ನಿಜ ಹೇಳಬೇಕೆಂದರೆ ಅವನ ಮಾತಲ್ಲೂ ನ್ಯಾಯವಿದೆ. ದೊಡ್ಡ ದೊಡ್ಡ ಚಪ್ಪಡಿಗಳನ್ನು ಚೆನ್ನಾಗಿ ಜೋಡಿಸಿದರೆ ಸಂದು ಅರ್ಧಕ್ಕಿಂತ ಕಡಿಮೆಯೇ. ಆದರೆ ನಿಯಮಕ್ಕೆ ಕಣ್ಣಿಲ್ಲ, ಎಲ್ಲರಿಗೂ ಅರ್ಧವೇ. ಇದನ್ನು ಅರಿತ ಜಾಣರು ಮುಂದಿನ ಸಲ ಒಳಗೆ ಪೊಳ್ಳು ಬಿಟ್ಟು ಒಟ್ಟುತ್ತಾರೆ. ಅಂಥದ್ದನ್ನು ಕೆಡವಿಸಿ ಮತ್ತೆ ಒಟ್ಟಿಸದೆ ಟೇಪು ಬಿಚ್ಚಬಾರದು.

ಹೊರಗಿನ ಕಲ್ಲು ತಂದು ಸೇರಿಸುವ ಚಾಳಿಯೂ ಉಂಟು. ಅದನ್ನು ಹಿಡಿಯಲು ಈ ಸೀಮೆಯ ನೆಲವೇ ಸಹಾಯ ಮಾಡುತ್ತದೆ. ಬಂಗಾರಪೇಟೆಯ ಸುತ್ತಿನದು ಬಿಳಿಚು ಬೂದು ಬಣ್ಣದ ಕಲ್ಲು, ಚಿನ್ನದ ಗಣಿಯ ಪಟ್ಟಿಯದು ಕರಿಕಲ್ಲು. ಬಿಳಿಚು ಒಟ್ಟಿಲಿನೊಳಗೆ ಕರಿಯದೊಂದು ಇಣುಕಿದರೆ, ಅದು ಗಣಿ ಗುಡ್ಡೆಯಿಂದ ಲಾರಿ ಹತ್ತಿ ಬಂದದ್ದೆಂದು ಯಾರೂ ಹೇಳಬೇಕಿಲ್ಲ. ಬಣ್ಣ ಒಂದೇ ಆಗಿದ್ದರೆ ಮೈ ನೋಡಿ: ಈಗಷ್ಟೇ ಒಡೆದ ಕಲ್ಲಿನ ಮುಖ ಹೊಳೆಯುತ್ತದೆ, ಮಳೆಬಿಸಿಲು ಕಂಡದ್ದು ಮಾಸಿರುತ್ತದೆ. ಅಳೆದಾದ ಮೇಲೆ ಒಟ್ಟಿಲ ಮೇಲೆ ಸುಣ್ಣ ಚೆಲ್ಲಿಬಿಡಬೇಕು. ಇಲ್ಲದಿದ್ದರೆ ಅದೇ ಕಲ್ಲು ಮುಂದಿನ ಗುಂಡಿಯ ಪಕ್ಕ ಹೋಗಿ ಕೂತು ಎರಡನೇ ಸಲ ದುಡ್ಡು ಕೇಳುತ್ತದೆ.

ಆಮೇಲೆ ಬಿಲ್ಲು. ಕೆಲಸ ಮುಗಿಯುವವರೆಗೆ ಗುತ್ತಿಗೆದಾರ ಕಾಯಲಾರ, ಹಾಗಾಗಿ ನಡುನಡುವೆ ರನ್ನಿಂಗ್ ಬಿಲ್. ಇದರ ಲೆಕ್ಕ ಬಂಗಾರಪೇಟೆಯ ಪಾನಿಪುರಿಯವನ ಲೆಕ್ಕದ ಹಾಗೆ: ಆವಾಗಿನಿಂದ ಒಟ್ಟು ಎಷ್ಟಾಯಿತು, ಮೊದಲು ಕೊಟ್ಟದ್ದೆಷ್ಟು, ಈಗ ಬರಬೇಕಾದದ್ದೆಷ್ಟು. ಎರಡನೇ ಬಿಲ್ಲಿನ ಹೊತ್ತಿಗೆ ಬಂಡೆ ಒಟ್ಟು 10 ಘನ ಮೀಟರ್ ಆಗಿದ್ದರೆ ಹಿಂದಿನ 6 ಕಳೆದು 4ಕ್ಕೆ ಹಣ. ಮೊದಲ ಸಲ ಒಂದು ಘನ ಮೀಟರ್ ಹೆಚ್ಚು ಬರೆದದ್ದು ಈಗ ಗೊತ್ತಾದರೆ ಒಟ್ಟು 9 ಎಂದು ಹಿಡಿದು 3ಕ್ಕಷ್ಟೇ ಕೊಟ್ಟರಾಯಿತು. ನಡುವೆ ಕೊಟ್ಟದ್ದೆಲ್ಲ ಕೊನೆಯ ಬಿಲ್ಲಿನ ಮುಂಗಡವೇ ಹೊರತು ಕೆಲಸ ಒಪ್ಪಿಕೊಂಡ ಮುದ್ರೆಯಲ್ಲ.

ಬಿಲ್ಲಿಗೆ ಏರಿದ ಎಂಬಿ ಪುಟಕ್ಕೆ ಕೆಂಪು ಶಾಯಿಯಲ್ಲಿ ಓರೆಗೆರೆ ಎಳೆಯಬೇಕು. ಸುಣ್ಣ ಕಲ್ಲಿಗೆ ಮಾಡುವ ಕೆಲಸವನ್ನೇ ಈ ಗೆರೆ ಕಾಗದಕ್ಕೆ ಮಾಡುತ್ತದೆ. ಬಿಲ್ಲಿನ ಕೆಳಗೆ ಅಳೆದವರು ಯಾರು, ಯಾವ ದಿನ, ಎಂಬಿಯ ಯಾವ ಪುಟದಲ್ಲಿ ಎಂದು ಬರೆದು ಸಹಿ ಹಾಕುತ್ತಾರೆ. ಆ ದಿನ ಕಾಂಕ್ರೀಟ್ ಹಾಕಿದ ದಿನಕ್ಕಿಂತ ಆಮೇಲಿನದ್ದಾಗಿದ್ದರೆ ಗುಂಡಿಯ ಲೆಕ್ಕ ಎಷ್ಟು ನೀಟಾಗಿದ್ದರೂ ನಂಬಬೇಡಿ. ಆಡಿಟಿನವರು ಮೊದಲು ಹುಡುಕುವುದೇ ಅದನ್ನು.