ಒಂದನೇ ಕ್ಲಾಸಿಗೆ ಬಂದ ಉಡುಗೊರೆಗಳು

ನಮ್ಮ ಪುಟ್ಟಿ ಊರಿನ ಸರ್ಕಾರಿ ಶಾಲೆಗೆ ಸೇರುವ ಹೊತ್ತಿಗೆ ಮನೆಯಲ್ಲಿ ಉಡುಗೊರೆಗಳ ರಾಶಿಯೇ ಬಿದ್ದಿತ್ತು. ಬೆಂಗಳೂರಿನ ಸೋದರಮಾವ ಚಕ್ರದ ಬ್ಯಾಗು ತಂದಿದ್ದ. ಚಿಕ್ಕಮ್ಮ ಬಟನ್ ಒತ್ತಿದರೆ ಮುಚ್ಚಳ ಹಾರುವ ನೀರಿನ ಬಾಟಲಿ ಕೊಟ್ಟಿದ್ದಳು. ಅವಳಿಗೂ ಖುಷಿ, ನಮಗೂ ಖುಷಿ.

ಮೊದಲು ಕೈಕೊಟ್ಟಿದ್ದು ಬ್ಯಾಗು. ಜೂನ್ ಮಳೆಗೆ ಶಾಲೆಯ ದಾರಿ ಕೆಸರಾಗಿ ಚಕ್ರ ಉರುಳಲಿಲ್ಲ. ಹೊರೋಣವೆಂದರೆ ಖಾಲಿ ಬ್ಯಾಗೇ ಭಾರ. ದಿನಸಿ ಅಂಗಡಿಯ ತಕ್ಕಡಿಗೆ ಹಾಕಿದರೆ ಒಂದೂವರೆ ಕೆಜಿ ತೂಗಿತು. 2019ರಲ್ಲಿ ನಮ್ಮ ಸರ್ಕಾರ ಹೊರಡಿಸಿದ ಆದೇಶದಲ್ಲಿ ಒಂದು, ಎರಡನೇ ತರಗತಿ ಮಕ್ಕಳ ಬ್ಯಾಗು ಪುಸ್ತಕವೂ ಸೇರಿ ಎರಡು ಕೆಜಿ ಮೀರಬಾರದು ಎಂದಿದೆ. ಚಕ್ರದ ಬ್ಯಾಗು ಅಟ್ಟ ಸೇರಿತು. ಬಟ್ಟೆಯ ಚೀಲ ಹೆಗಲೇರಿತು.

ಬಾಟಲಿಯ ಕಥೆ ತಿಳಿಯಲು ಮೂರು ದಿನ ಬೇಕಾಯಿತು. ದಿನವೂ ತುಂಬಿಸಿದ ನೀರು ಹಾಗೇ ವಾಪಸು ಬರುತ್ತಿತ್ತು. ಮೂರನೇ ದಿನ ಸಂಜೆ "ಉಚ್ಚೆ ಉರಿಯುತ್ತೆ" ಎಂದು ಅತ್ತಳು. ಕೇಳಿದರೆ, ಆ ಬಟನ್ ಒತ್ತಲು ಅವಳ ಬೆರಳಿಗೆ ಬಲ ಸಾಲುತ್ತಿರಲಿಲ್ಲ, ಮಿಸ್ಸಿಗೆ ಹೇಳಲು ನಾಚಿಕೆ. ನೀರು ಕುಡಿಯುತ್ತಲೂ ಇರಲಿಲ್ಲ, ಶೌಚಾಲಯಕ್ಕೆ ಹೋಗುತ್ತಲೂ ಇರಲಿಲ್ಲ. ಯಾಕೆಂದರೆ ಯೂನಿಫಾರ್ಮ್ ಚಡ್ಡಿಯ ಹುಕ್ಕು ತೆಗೆಯಲೂ ಬರುತ್ತಿರಲಿಲ್ಲ! ಆ ರಾತ್ರಿಯೇ ಹುಕ್ಕು ಕಿತ್ತು ಇಲಾಸ್ಟಿಕ್ ಹೊಲಿದೆವು. ತಿರುಗಿಸುವ ಮುಚ್ಚಳದ ಹಳೇ ಬಾಟಲಿ ಹುಡುಕಿ ಕೊಟ್ಟೆವು. ಎರಡೇ ದಿನಕ್ಕೆ ಉರಿ ನಿಂತಿತು. ನಿಲ್ಲದಿದ್ದರೆ, ಜ್ವರ ಬಂದಿದ್ದರೆ ಡಾಕ್ಟರ ಹತ್ತಿರ ಓಡಬೇಕಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪರೀಕ್ಷೆ ಶುರುವಾಯಿತು. ಶಾಲೆಗೆ ಹೋಗುವ ಯಾವ ವಸ್ತುವನ್ನಾದರೂ ನಾವು ಕೈ ಹಚ್ಚದೆ ಅವಳೇ ಮೂರು ಸಲ ತೆಗೆದು ಮುಚ್ಚಬೇಕು. ಆಗದಿದ್ದರೆ ಅದು ಮನೆಯಲ್ಲೇ ಇರುತ್ತದೆ.

ಬಿಸಿಯೂಟದ ತಟ್ಟೆಯಲ್ಲೂ ಒಂದು ಪಾಠವಾಯಿತು. ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿಕೊಟ್ಟರೂ ಬೇರೆಯವರ ತಟ್ಟೆ ಹೊತ್ತು ಬಂದಳು. ಓದಲು ಬಾರದ ಮಗುವಿಗೆ ಹೆಸರು ಕೆತ್ತಿಸಿ ಏನು ಪ್ರಯೋಜನ? ಮರುದಿನ ಹೋಗಿ ಹೆಸರಿನ ಪಕ್ಕ ಒಂದು ಮೀನು ಕೆತ್ತಿಸಿಕೊಂಡು ಬಂದೆವು. "ಮೀನಿನ ತಟ್ಟೆ ನಂದು" ಎಂದು ಕ್ಲಾಸಿಗೆಲ್ಲ ಸಾರಿದಳಂತೆ.

ನಿದ್ದೆ ಹೊಂದಿಸುವುದು ಮಾತ್ರ ನಿಧಾನದ ಕೆಲಸ. ಅಂಗನವಾಡಿಯಲ್ಲಿ ಊಟವಾದ ಮೇಲೆ ಮಲಗಿ ರೂಢಿ. ಇಲ್ಲಿ ನಾಲ್ಕು ಗಂಟೆವರೆಗೂ ಎದ್ದಿರಬೇಕು. ಮೊದಲ ವಾರ ಮಧ್ಯಾಹ್ನ ತೂಕಡಿಸಿ, ಸಂಜೆ ಸಿಡುಕುತ್ತಿದ್ದಳು. ರಾತ್ರಿ ಹತ್ತಕ್ಕೆ ಮಲಗುತ್ತಿದ್ದವಳನ್ನು ಎರಡು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ ಮಲಗಿಸುತ್ತಾ ಎಂಟೂವರೆಗೆ ತಂದೆವು. ಹನ್ನೆರಡು ದಿನ ಹಿಡಿಯಿತು. ಇದನ್ನು ಮೇ ತಿಂಗಳಲ್ಲೇ ಶುರುಮಾಡಬೇಕಿತ್ತು.

ಎಲ್ಲಕ್ಕಿಂತ ಕಷ್ಟವಾಗಿದ್ದು ಗೇಟಿನ ಹತ್ತಿರ. ಅಜ್ಜಿ ಮೊದಲ ದಿನ "ಇಲ್ಲೇ ಕೂತಿರ್ತೀನಿ" ಎಂದು ಹೇಳಿ, ಅವಳು ಆ ಕಡೆ ತಿರುಗಿದಾಗ ಮೆಲ್ಲಗೆ ಮನೆಗೆ ಬಂದುಬಿಟ್ಟರು. ಮರುದಿನ ಪುಟ್ಟಿ ಅಜ್ಜಿಯ ಸೆರಗು ಬಿಡಲೇ ಇಲ್ಲ. ಅಳುತ್ತಾಳೆಂದು ಕದ್ದು ಬಂದರೆ, ಕಣ್ಣು ತಪ್ಪಿಸಿದರೆ ಇವರು ಮಾಯವಾಗುತ್ತಾರೆ ಎಂದು ಮಗು ಕಲಿಯುತ್ತದೆ.

ಹೀಗಾಗಿ ಗೇಟಿನಲ್ಲಿ ಮೂರೇ ಕೆಲಸ ಎಂದು ಗೊತ್ತುಮಾಡಿದೆವು. ಕೆನ್ನೆಗೊಂದು ಮುತ್ತು, "ಹೋಗಿ ಬರ್ತೀನಿ" ಅನ್ನುವ ಮಾತು, ಮತ್ತೆ ಯಾವಾಗ ಬರುತ್ತೇವೆ ಅನ್ನುವುದು. ನಾಲ್ಕು ಗಂಟೆಗೆ ಅಂದರೆ ಅವಳಿಗೆ ಅರ್ಥವಾಗದು. "ಹಾಲು ಕುಡೀತೀಯ, ಊಟ ಮಾಡ್ತೀಯ, ಆಟ ಆಡ್ತೀಯ, ಉದ್ದ ಬೆಲ್ ಹೊಡೀತಾರೆ, ಆಗ ಗೇಟಲ್ಲಿರ್ತೀನಿ." ದಿನವೂ ಅದೇ ಮಾತು, ಅದೇ ಕ್ರಮ. ಹೇಳಿದ ಮೇಲೆ ಅತ್ತರೂ ತಿರುಗಿ ನಿಲ್ಲುವಂತಿಲ್ಲ. ಉದ್ದ ಬೆಲ್ಲಿಗೆ ತಡವಾಗುವಂತೆಯೂ ಇಲ್ಲ.

ಅಜ್ಜಿ ತಮ್ಮ ಹಳೇ ಸೀರೆಯ ಅಂಚು ಕತ್ತರಿಸಿ ಕರವಸ್ತ್ರ ಹೊಲಿದು, ಅವಳ ಅಂಗಿಗೆ ಪಿನ್ನು ಹಾಕಿ ಕಳಿಸಿದರು. ಅಳು ಬಂದಾಗ ಅದನ್ನು ಮೂಸುತ್ತಿದ್ದಳು ಎಂದು ಮಿಸ್ ಹೇಳಿದರು. ಖರ್ಚಿಲ್ಲದ ಆ ಉಡುಗೊರೆಯೇ ಹೆಚ್ಚು ಕೆಲಸಕ್ಕೆ ಬಂತು.

ಮೂರನೇ ವಾರದ ಹೊತ್ತಿಗೆ ಅಳು ಸೋಮವಾರಕ್ಕೆ ಮಾತ್ರ ಉಳಿಯಿತು. ಹಾಗೆ ಇಳಿಯದೆ ತಿಂಗಳು ಕಳೆದರೂ ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಿದ್ದರೆ, ಬಿಟ್ಟುಹೋದದ್ದಕ್ಕಷ್ಟೇ ಅಳು ಎಂದು ಸುಮ್ಮನಿರದೆ ಮಿಸ್ ಜೊತೆ ಕೂತು ಮಾತಾಡಬೇಕು ಎಂದುಕೊಂಡಿದ್ದೆವು. ಅದು ಬೇಕಾಗಲಿಲ್ಲ. ಮೊನ್ನೆ ಕರವಸ್ತ್ರ ಮರೆತು ಹೋಗಿದ್ದಳು. ಅಜ್ಜಿ ಅದನ್ನು ಹಿಡಿದು ಗೇಟಿನವರೆಗೂ ಓಡಿದರೆ, ಇವಳು ಒಳಗಿನಿಂದಲೇ ಕೈಬೀಸಿದಳಂತೆ: "ನೀನೇ ಇಟ್ಕೋ ಅಜ್ಜಿ, ಉದ್ದ ಬೆಲ್ಲಿಗೆ ಬರ್ತೀನಿ!"