ಯಂತ್ರ ಬರೆದದ್ದೋ, ಅಮ್ಮ ಬರೆದದ್ದೋ?

ಸಾಗರದ ಹತ್ತಿರದ ನಮ್ಮೂರಿಂದ ಅಮ್ಮ ದಾವಣಗೆರೆಯ ಅಕ್ಕನಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳು ಒಟ್ಟು 58. ಅಕ್ಕನ ಮಗಳೂ ನಾನೂ ಸೇರಿ ಅಷ್ಟನ್ನೂ ಟೈಪ್ ಮಾಡಿ ಮುಗಿಸಿದಾಗ ಸುಮಾರು 84,000 ಅಕ್ಷರ ಆಯ್ತು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು ನಾನು. ಇಷ್ಟು ಪುಟ್ಟ ಬರಹದಿಂದ ಯಂತ್ರವೊಂದು ಅಮ್ಮನ ಧಾಟಿ ಕಲಿತೀತೇ ಅಂತ ನೋಡುವ ಆಸೆಯಾಯ್ತು. ಆಂಡ್ರೆ ಕಾರ್ಪತಿ 2015ರಲ್ಲಿ ಶೇಕ್ಸ್‌ಪಿಯರ್ ನಾಟಕಗಳ ಸುಮಾರು 11 ಲಕ್ಷ ಅಕ್ಷರಗಳನ್ನಿಟ್ಟು ಮಾಡಿ ತೋರಿಸಿದ ಕೆಲಸವೇ ಇದು. ನನ್ನ ಹತ್ತಿರ ಅದರ ಹದಿಮೂರನೇ ಒಂದು ಪಾಲೂ ಇರಲಿಲ್ಲ.

ಯಂತ್ರದ ಕೆಲಸ ಒಂದೇ: ಇಲ್ಲಿಯತನಕದ ಅಕ್ಷರಗಳನ್ನು ನೋಡಿ ಮುಂದಿನ ಅಕ್ಷರ ಊಹಿಸುವುದು. ಒಂದೊಂದು ಅಕ್ಷರ ಓದಿದಾಗಲೂ ತನ್ನೊಳಗಿನ ನೆನಪನ್ನು ಸ್ವಲ್ಪ ತಿದ್ದಿಕೊಂಡು ಮುಂದಿನ ಹೆಜ್ಜೆಗೆ ಒಯ್ಯುತ್ತದೆ. ಹೀಗೆ ಮರುಕಳಿಸುವುದರಿಂದಲೇ ಅದಕ್ಕೆ ರಿಕರೆಂಟ್ ನೆಟ್‌ವರ್ಕ್ ಎಂಬ ಹೆಸರು. ನಾನು ಬಳಸಿದ್ದು ಅದರಲ್ಲೇ ಎಲ್‌ಎಸ್‌ಟಿಎಂ ಅನ್ನುವ ಬಗೆ.

ಕನ್ನಡದಲ್ಲಿ ಒಂದು ವಿಶೇಷವಿದೆ. ಅಮ್ಮನ ಪ್ರತಿ ಪತ್ರದ ಮೊದಲಲ್ಲಿ ಬರುವ ‘ಕ್ಷೇಮ’ ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರಿಗೆ ಅದು ಐದು: ಕ, ವಿರಾಮ, ಷ, ಏತ್ವದ ದೀರ್ಘ, ಮ. ಹಾಗೆ ಎಣಿಸಿದರೆ, ಚುಕ್ಕೆ, ಅಂಕಿ, ಖಾಲಿ ಜಾಗ ಎಲ್ಲ ಸೇರಿ, ಪತ್ರಗಳಲ್ಲಿದ್ದದ್ದು 71 ಬಗೆಯ ಚಿಹ್ನೆ. ಏನೂ ಕಲಿಯದ ಯಂತ್ರ 71ರಲ್ಲಿ ಯಾವುದಾದರೂ ಬಂದೀತು ಅನ್ನುತ್ತದೆ. ಆ ಅನುಮಾನದ ಅಳತೆ, ಅಂದರೆ ಲಾಸ್, 4.26. ಮೊದಲ ಸಾಲಿನಲ್ಲೇ ಈ ಅಂಕಿಯ ಆಸುಪಾಸು ಕಂಡರೆ ಪ್ರೋಗ್ರಾಂ ಸರಿಯಾಗಿ ಜೋಡಣೆಯಾಗಿದೆ ಅಂತ ಧೈರ್ಯ.

ಆರಂಭದಲ್ಲಿ ಪರದೆ ತುಂಬ ಚುಕ್ಕಿಗಳ ವೃತ್ತ. ವ್ಯಂಜನವಿಲ್ಲದೆ ಕೊಂಬೋ ಗುಡಿಸೋ ಒಂಟಿಯಾಗಿ ಬಂದರೆ ಹಾಗೆ ಕಾಣುತ್ತದೆ. ಕೆಲವೇ ಸುತ್ತಿನಲ್ಲಿ ಅವು ಮಾಯವಾದವು. ಕಾಗುಣಿತ ಕಲಿಯಿತು ಅಂತ ಅರ್ಥ. ಆಮೇಲೆ ಚಿಕ್ಕ ಪದಗಳು, ಆಮೇಲೆ ‘ಚಿ. ಸೌ.’ ಅನ್ನುವ ಒಕ್ಕಣೆ.

ಮೊದಲೇ ಆರು ಪತ್ರಗಳನ್ನು ಯಂತ್ರಕ್ಕೆ ತೋರಿಸದೆ ಎತ್ತಿಟ್ಟಿದ್ದೆ. ಪ್ರತಿ ಸುತ್ತಿನ ನಂತರ ಅವುಗಳ ಮೇಲೆ ಪರೀಕ್ಷೆ. ನೆನಪಿಗೆ 512 ಅಂಕಿ ಕೊಟ್ಟ ದೊಡ್ಡ ಮಾದರಿಯಲ್ಲಿ ಕಲಿತ ಪತ್ರಗಳ ಲಾಸ್ ಇಳಿಯುತ್ತಾ ಇಳಿಯುತ್ತಾ 0.2ಕ್ಕೆ ಬಂತು. ಎತ್ತಿಟ್ಟ ಪತ್ರಗಳದ್ದು 2ರ ಹತ್ತಿರ ಬಂದು, ಅಲ್ಲಿಂದ ಮೇಲೆ ಹತ್ತಿ 2.6 ದಾಟಿತು. ಕಾರಣ ಸರಳ. ಆ ಮಾದರಿಯೊಳಗೆ ತಿದ್ದಬಹುದಾದ ಸಂಖ್ಯೆಗಳು ಸುಮಾರು 12 ಲಕ್ಷ, ಕಲಿಯಲು ಸಿಕ್ಕ ಅಕ್ಷರಗಳು 75,000 ಚಿಲ್ಲರೆ. ಅರ್ಥ ಮಾಡಿಕೊಳ್ಳುವುದಕ್ಕಿಂತ ಬಾಯಿಪಾಠ ಮಾಡುವುದೇ ಅದಕ್ಕೆ ಸುಲಭ.

ಆ ಹೊತ್ತಿಗೇ ಅಕ್ಕ ಮನೆಗೆ ಬಂದಿದ್ದಳು. ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಹಿತ್ತಿಲ ನಿಂಬೆ ಗಿಡ ಈ ಸಲ ಮೂರೇ ಕಾಯಿ ಬಿಟ್ಟಿತು, ಮೂರೂ ನಿನಗೇ ಇಟ್ಟಿದೀನಿ.’

ಅಕ್ಕನ ಕಣ್ಣು ತುಂಬಿತು. "ಅಮ್ಮ ಇವತ್ತಿದ್ದಿದ್ರೆ ಹಿಂಗೇ ಬರೀತಿದ್ಲು ಕಣೇ" ಅಂದಳು.

ನಾನು ಆ ಸಾಲನ್ನು ಮೂಲ ಕಡತದಲ್ಲಿ ಹುಡುಕಿದೆ. 23ನೇ ಪತ್ರದಲ್ಲಿ ಒಂದಕ್ಷರ ಆಚೀಚೆಯಿಲ್ಲದೆ ಅದೇ ಸಾಲಿತ್ತು. "ಇದು ಯಂತ್ರದ್ದಲ್ಲ ಅಕ್ಕ, ಅಮ್ಮ ನಿಂಗೆ ಬರೆದಿದ್ದೇ" ಅಂದೆ. ಅಕ್ಕನಿಗೆ ಆ ಪತ್ರ ಮರೆತೇ ಹೋಗಿತ್ತು.

ಆಮೇಲೆ ನೆನಪನ್ನು 128ಕ್ಕೆ ಇಳಿಸಿದೆ. ಸಂಖ್ಯೆಗಳು 1.1 ಲಕ್ಷಕ್ಕೆ ಇಳಿದವು. ಕಲಿಯುವಾಗ ನೆನಪಿನ ಒಂದಷ್ಟು ಭಾಗವನ್ನು ಆಗಾಗ ಮರೆಮಾಡುವ ಡ್ರಾಪ್‌ಔಟ್ ಸೇರಿಸಿದೆ. ಎತ್ತಿಟ್ಟ ಪತ್ರಗಳ ಲಾಸ್ 1.95ಕ್ಕೆ ಬಂದು ಮೇಲೆ ಹೊರಳುವ ಹೊತ್ತಿಗೆ ನಿಲ್ಲಿಸಿದೆ. 1.95 ಅಂದರೆ ಪ್ರತಿ ಹೆಜ್ಜೆಗೂ ಸುಮಾರು ಏಳು ಚಿಹ್ನೆಗಳ ನಡುವೆ ತಡಕಾಡಿದಂತೆ. ಈಗ ಬಂದದ್ದು: ‘ಮಳೆ ಬಂದು ನಾವೆಲ್ಲ ಕ್ಷೇಮ, ಹಪ್ಪಳ ಕೊಟ್ಟಿಗೆಗೆ ಹೇಳಿದೀನಿ.’ ಪದಗಳು ಅಮ್ಮನವೇ, ಬನಿಯೂ ಅಮ್ಮನದೇ, ಅರ್ಥ ಮಾತ್ರ ಯಾರದ್ದೂ ಅಲ್ಲ. ಹುಡುಕಿದರೆ ಈ ಸಾಲು ಯಾವ ಪತ್ರದಲ್ಲೂ ಇಲ್ಲ.

ಇಷ್ಟು ಕಡಿಮೆ ಬರಹದಲ್ಲಿ ಕೈಗೆ ಸಿಗುವುದು ಇಷ್ಟೇ. ಸಾಲು ಚಂದವಾಗಿ, ಅರ್ಥವತ್ತಾಗಿ ಬಂದರೆ ಅದು ಬಹುಮಟ್ಟಿಗೆ ನಕಲು. ಹೊಸದಾಗಿ ಬಂದರೆ ಅದು ತೊದಲು. ಮೂವತ್ತು ನಲವತ್ತು ಅಕ್ಷರ ಸಾಲಾಗಿ ಮೂಲದಲ್ಲಿ ಸಿಕ್ಕರೆ ಯಂತ್ರಕ್ಕೆ ಶಹಬ್ಬಾಸ್ ಹೇಳುವಂತಿಲ್ಲ.

ತೊದಲಿನ ಸಾಲುಗಳನ್ನು ಓದಿ ಅಕ್ಕನ ಮಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಅಕ್ಕ ಮಾತ್ರ 23ನೇ ಇನ್‌ಲ್ಯಾಂಡನ್ನು ಕಟ್ಟಿನಿಂದ ಹುಡುಕಿ ತೆಗೆದು, ತನ್ನ ಬ್ಯಾಗಿಗೆ ಹಾಕಿಕೊಂಡು ಊರಿಗೆ ಹೋದಳು.